ಸೀಗೆಕಾಯಿ, ಮೆಹಂದಿ, ತಲೆಗೆಣ್ಣೆ ವಿದೇಶಕ್ಕೆ ಕಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮಲೆನಾಡಿನ ಸಣ್ಣ ಘಟಕ. ಸೀಗೆಕಾಯಿ ಪುಡಿ, ಅಂಟುವಾಳದ ಪುಡಿ, ಮೆಹಂದಿ, ಗರಗ–ದಾಸವಾಳದ ಎಣ್ಣೆ, ಮಕ್ಕಳ ಸ್ನಾನದ ಪುಡಿ ಮಾಡುತ್ತೇವೆ. ಹೊರದೇಶದಲ್ಲಿರುವ ಮಕ್ಕಳಿಗೆ, ಮೊಮ್ಮಕ್ಕಳಿಗೆ ಕಳಿಸುವವರು ದಿನಾ ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇವೆ. ಅಮೆರಿಕಕ್ಕೆ ಹೋಗುವ ಪಾರ್ಸೆಲ್ಲೇ ಜಾಸ್ತಿ, ತೊಂದರೆಯೂ ಅಲ್ಲೇ ಜಾಸ್ತಿ. ಹಾಗಾಗಿ ಅದನ್ನೇ ವಿವರವಾಗಿ ಬರೆದಿದ್ದೇವೆ.

ಅಮೆರಿಕದಲ್ಲಿರುವ ಮಗಳಿಗೆ ಸೀಗೆಕಾಯಿ ಪುಡಿ ಕಳಿಸಬಹುದಾ?

ಕಳಿಸಬಹುದು. ಆದರೆ ಪುಡಿ ಮಾಡಿಯೇ ಕಳಿಸಿ. ಇಡೀ ಕಾಯಿ ಕಳಿಸಿದರೆ ಒಳಗೆ ಬೀಜ ಇರುತ್ತದೆ. ಬೀಜ ಕಂಡರೆ ಅದು ಸಸ್ಯ ತಪಾಸಣೆಯವರ ಪಾಲು. ಅವರು ಬಿಡದೆ ಇದ್ದರೆ ಕೇಳುವಂತಿಲ್ಲ. ಅಂಟುವಾಳಕ್ಕೂ ಇದೇ ಮಾತು: ಬೀಜ ತೆಗೆದು, ಸಿಪ್ಪೆ ಒಣಗಿಸಿ, ನುಣ್ಣಗೆ ಪುಡಿ ಮಾಡಿ. ಮತ್ತಿ ಸೊಪ್ಪನ್ನೂ ಇಡೀ ಎಲೆಯಾಗಿ ಹಾಕಬೇಡಿ, ಪುಡಿ ಮಾಡಿ ಜರಡಿ ಹಿಡಿಯಿರಿ.

ಇನ್ನೊಂದು ವಿಷಯ ಚೀಟಿ. ಎಕ್ಸ್-ರೇಯಲ್ಲಿ ಕಂದು ಬಣ್ಣದ ಪುಡಿಯ ಪೊಟ್ಟಣ ಕಂಡಾಗ, ಅದು ಏನು ಅಂತ ಹೇಳುವ ಬರಹ ಮೇಲೆ ಇಲ್ಲದಿದ್ದರೆ ಬಾಕ್ಸ್ ಬಿಚ್ಚುತ್ತಾರೆ. ಮನೆಯ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಮೇಲೆ ಕನ್ನಡದಲ್ಲಿ ಪೆನ್ನಿನಲ್ಲಿ ಬರೆದ ಪೊಟ್ಟಣಕ್ಕೆ ಇದೇ ಗತಿ. ಇಂಗ್ಲಿಷಿನಲ್ಲಿ ಮುದ್ರಿಸಿದ ಚೀಟಿ ಬೇಕು.

ಉಡುಗೊರೆ ಅಂದರೆ ಸುಂಕ ಇಲ್ಲ ಅಂತಾರಲ್ಲ, ನಿಜವಾ?

ಅಮೆರಿಕದ ಮಟ್ಟಿಗೆ ಅರ್ಧ ನಿಜ. ಮೊದಲು 800 ಡಾಲರ್‌ವರೆಗಿನ ಯಾವ ಪಾರ್ಸೆಲ್‌ಗೂ ಸುಂಕ ಇರಲಿಲ್ಲ. 2025ರ ಆಗಸ್ಟ್ 29ರಿಂದ ಆ ವಿನಾಯಿತಿ ಎಲ್ಲ ದೇಶಗಳಿಗೂ ನಿಂತಿತು. ಭಾರತದ ಅಂಚೆ ಇಲಾಖೆ ಆಗ ಅಮೆರಿಕದ ಪಾರ್ಸೆಲ್ ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಶುರು ಮಾಡಿತು. ಈಗ ಸುಂಕವನ್ನು ಇಲ್ಲೇ, ಬುಕ್ ಮಾಡುವಾಗಲೇ ಕಟ್ಟಿಸಿಕೊಳ್ಳುತ್ತಾರೆ. ದರ ಅಲ್ಲಿನ ಸರ್ಕಾರ ಬದಲಿಸಿದ ಹಾಗೆ ಬದಲಾಗುತ್ತದೆ. ಹಾಗಾಗಿ ಹೋದ ತಿಂಗಳು ಪಕ್ಕದ ಮನೆಯವರು ಕಟ್ಟಿದ್ದನ್ನು ನಂಬಿಕೊಂಡು ಹೋಗಬೇಡಿ, ಕೌಂಟರಿನಲ್ಲಿ ಆವತ್ತಿನ ದರ ಕೇಳಿ.

ಉಳಿದುಕೊಂಡಿರುವ ವಿನಾಯಿತಿ ಒಂದೇ: ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಕಳಿಸುವ, 100 ಡಾಲರ್ ಮೀರದ ನಿಜವಾದ ಉಡುಗೊರೆ. ಅಮ್ಮ ನಮ್ಮಲ್ಲಿ ಕೊಂಡು, ತಾವೇ ತಮ್ಮ ಹೆಸರಿನಲ್ಲಿ ಮಗಳಿಗೆ ಕಳಿಸಿದರೆ ಅದು ಉಡುಗೊರೆ. ಮಗಳೇ ಅಲ್ಲಿಂದ ನಮಗೆ ದುಡ್ಡು ಹಾಕಿ ತರಿಸಿಕೊಂಡರೆ ಅದು ವ್ಯಾಪಾರ. "ಗಿಫ್ಟ್ ಅಂತ ಬರೆದುಬಿಡಿ" ಅಂತ ತುಂಬಾ ಜನ ಕೇಳುತ್ತಾರೆ. ನಾವು ಬರೆಯುವುದಿಲ್ಲ. ಬೆಲೆಯನ್ನು ಕಡಿಮೆ ತೋರಿಸುವುದೂ ಇಲ್ಲ. ಪಾರ್ಸೆಲ್ ಕಳೆದರೆ ಆ ಕಡಿಮೆ ಬೆಲೆಗೇ ಪರಿಹಾರ ಸಿಗುವುದು, ಅಷ್ಟು ಸಾಕಾ?

ಬೇರೆ ದೇಶಗಳಲ್ಲಿ ಉಡುಗೊರೆಯ ಮಿತಿ ಎಷ್ಟು?

ಬ್ರಿಟನ್ 39 ಪೌಂಡ್. ಜರ್ಮನಿ, ನೆದರ್‌ಲ್ಯಾಂಡ್ಸ್ ಸೇರಿ ಐರೋಪ್ಯ ಒಕ್ಕೂಟದಲ್ಲಿ 45 ಯೂರೋ. ಕೆನಡಾ 60 ಕೆನಡಿಯನ್ ಡಾಲರ್. ಇದನ್ನು ಮೀರಿದರೆ ಅಲ್ಲಿನವರು ತೆರಿಗೆಯ ಜೊತೆ ಅಂಚೆಯವರ ಹ್ಯಾಂಡ್ಲಿಂಗ್ ಶುಲ್ಕವನ್ನೂ ಕಟ್ಟಿ ಬಿಡಿಸಿಕೊಳ್ಳಬೇಕು. ಬ್ರಿಟನ್‌ನಲ್ಲಿ ಒಂದು ಅನುಕೂಲ ಇದೆ. ಒಂದೇ ಬಾಕ್ಸಿನಲ್ಲಿ ಮಗಳಿಗೊಂದು, ಅಳಿಯನಿಗೊಂದು, ಮೊಮ್ಮಗಳಿಗೊಂದು ಅಂತ ಬೇರೆ ಬೇರೆಯಾಗಿ ಸುತ್ತಿ, ಹೆಸರು ಬರೆದು, ಕಸ್ಟಮ್ಸ್ ಫಾರಂನಲ್ಲೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿದರೆ ಒಬ್ಬೊಬ್ಬರಿಗೂ 39 ಪೌಂಡ್ ಲೆಕ್ಕ ಹಿಡಿಯುತ್ತಾರೆ.

ಆಸ್ಟ್ರೇಲಿಯಾದಲ್ಲಿ 1,000 ಆಸ್ಟ್ರೇಲಿಯನ್ ಡಾಲರ್‌ವರೆಗೆ ಗಡಿಯಲ್ಲಿ ಸುಂಕದ ಕಾಟ ಇಲ್ಲ. ಅಲ್ಲಿನ ಕಾಟ ಜೈವಿಕ ಭದ್ರತೆಯವರದು. ಹುಳ, ಬೀಜ, ಮಣ್ಣು, ಒಣ ಎಲೆಯ ಚೂರು ಯಾವುದು ಕಂಡರೂ ಪಾರ್ಸೆಲ್ ನಿಂತಿತು ಅಂತಲೇ. ಕಡಲೆ ಹಿಟ್ಟು, ಹೆಸರು ಹಿಟ್ಟು ಹಾಕಿದ ಸ್ನಾನದ ಪುಡಿಗೆ ಮಳೆಗಾಲದಲ್ಲಿ ಬೇಗ ಹುಳ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ನಾವು ಆಸ್ಟ್ರೇಲಿಯಾಕ್ಕೆ ಕಳಿಸುವುದೇ ಇಲ್ಲ. ಗೋಮೂತ್ರ, ಸಗಣಿ, ತುಪ್ಪ ಸೇರಿದ ಪಂಚಗವ್ಯ ಸೋಪನ್ನು ಯಾವ ಕಾಲದಲ್ಲೂ ಹಾಕಬೇಡಿ.

ಮೆಹಂದಿ ಕೋನ್ ಕಳಿಸಬಹುದಾ? ಸೀಮಂತಕ್ಕೆ ಬೇಕಿತ್ತು.

ಅಮೆರಿಕಕ್ಕೆ ಬೇಡ. ಆಹಾರ, ಔಷಧಿ, ಸೌಂದರ್ಯ ಸಾಧನಗಳನ್ನು ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಇಲಾಖೆ ಎಫ್‌ಡಿಎಯ ನಿಯಮದ ಪ್ರಕಾರ ಮೆಹಂದಿಗೆ ಒಪ್ಪಿಗೆ ಇರುವುದು ತಲೆಕೂದಲಿಗೆ ಬಣ್ಣ ಹಾಕಲು ಮಾತ್ರ. ಚರ್ಮಕ್ಕೆ ಹಚ್ಚಲು ಒಪ್ಪಿಗೆ ಇಲ್ಲ. ಒಂದೇ ಪುಡಿ, ಒಂದೇ ಗಿಡ. ಆದರೆ ಚೀಟಿಯಲ್ಲಿ "ಕೂದಲಿಗೆ" ಅಂತ ಇದ್ದರೆ ಒಳಗೆ ಹೋಗುತ್ತದೆ, ಮೇಲೆ ಮದುಮಗಳ ಅಂಗೈ ಚಿತ್ರ ಇದ್ದರೆ ತಡೆಯಬಹುದು. ಕೋನ್ ಅಂದಮೇಲೆ ಅದು ಕೈಗೇ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಅಲ್ಲದೆ ಕಲಸಿದ ಮೆಹಂದಿ ಫ್ರೀಜರಿನ ಹೊರಗೆ ಒಂದು ವಾರ ಇದ್ದರೆ ಬಣ್ಣ ಕೂರುವುದಿಲ್ಲ, ಪಾರ್ಸೆಲ್‌ಗೆ ಅದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ.

"ಕರಿ ಮೆಹಂದಿ" ಅಂತ ಅಂಗಡಿಯಲ್ಲಿ ಸಿಗುವುದನ್ನಂತೂ ಯಾರಿಗೂ ಕಳಿಸಬೇಡಿ. ಅದರಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಇರಬಹುದು. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಕೂದಲು ಕಪ್ಪಾಗಬೇಕು ಅಂದರೆ ಮೆಹಂದಿ ಒಂದು ಪೊಟ್ಟಣ, ನೀಲಿ ಎಲೆಯ ಪುಡಿ ಒಂದು ಪೊಟ್ಟಣ ಅಂತ ಬೇರೆ ಬೇರೆ ಕಳಿಸಿ.

ಮಗುವಿಗೆ ಮನೆಯಲ್ಲೇ ಮಾಡಿದ ಕಾಡಿಗೆ?

ಇದು ಬಾಣಂತಿ ಪಾರ್ಸೆಲ್‌ಗಳಲ್ಲಿ ತಪ್ಪದೆ ಬರುವ ಪ್ರಶ್ನೆ. ಅಜ್ಜಿ ಹರಳೆಣ್ಣೆ ದೀಪದ ಮಸಿ ಹಿಡಿದು ಮಾಡಿರುತ್ತಾರೆ, ಬೇಡ ಅನ್ನೋಕೆ ನಮಗೂ ಕಷ್ಟ. ಆದರೂ ಅಮೆರಿಕಕ್ಕೆ ಬೇಡ. ಪೇಟೆಯ ಕೆಲವು ಸುರ್ಮಾ, ಕಾಡಿಗೆಗಳಲ್ಲಿ ಸೀಸ ಸಿಕ್ಕಿದ್ದರಿಂದ ಅಲ್ಲಿ ಇದನ್ನು ಕಟ್ಟುನಿಟ್ಟಾಗಿ ನೋಡುತ್ತಾರೆ. ಒಪ್ಪಿತ ಬಣ್ಣಗಳ ಪಟ್ಟಿಯಲ್ಲಿ ಸುರ್ಮಾ, ಕಾಡಿಗೆ ಇಲ್ಲ. ನಿಮ್ಮ ಮನೆಯ ಕಾಡಿಗೆಯಲ್ಲಿ ಸೀಸ ಇಲ್ಲದಿರಬಹುದು, ಆದರೆ ಆ ಸಣ್ಣ ಡಬ್ಬಿಯನ್ನು ನೋಡುವ ಅಧಿಕಾರಿಗೆ ಅದು ಹೇಗೆ ಗೊತ್ತಾಗಬೇಕು? ಒಂದು ಡಬ್ಬಿಗೋಸ್ಕರ ಇಡೀ ಬಾಕ್ಸ್ ತಡೆಯುವುದು ಬೇಡ.

ಗಂಧದ ಪುಡಿ, ರಕ್ತಚಂದನದ ಪುಡಿ ಹಾಕಿದ ಫೇಸ್‌ಪ್ಯಾಕ್?

ಇಲ್ಲಿ ತಡೆ ಬರುವುದು ಅವರ ದೇಶದಲ್ಲಿ ಅಲ್ಲ, ನಮ್ಮಲ್ಲೇ. ರಕ್ತಚಂದನದ ರಫ್ತಿಗೆ ಭಾರತದಲ್ಲಿ ನಿಷೇಧ ಇದೆ, ಸರ್ಕಾರ ಬಿಟ್ಟುಕೊಟ್ಟ ಕೆಲವು ಸಂದರ್ಭ ಬಿಟ್ಟರೆ ಪುಡಿಯಾಗಿಯೂ ಕಳಿಸುವಂತಿಲ್ಲ. ಸೈಟ್ಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲೂ ಆ ಮರ ಇದೆ. ಶ್ರೀಗಂಧದ ಕೊರಡು, ಚಕ್ಕೆ, ಪುಡಿಗೂ ಕಟ್ಟುಪಾಡು ಇದೆ. ಒಂದು ಚಮಚ ಹಾಕಿದ್ದರೂ ಫಾರಂನಲ್ಲಿ "ಸ್ಯಾಂಡಲ್‌ವುಡ್" ಅಥವಾ "ರೆಡ್ ಸ್ಯಾಂಡರ್ಸ್" ಅಂತ ಬಂದರೆ ಬೆಂಗಳೂರಿನ ವಿದೇಶಿ ಅಂಚೆ ಕಚೇರಿಯಲ್ಲೇ ಪಾರ್ಸೆಲ್ ನಿಲ್ಲುತ್ತದೆ. ಬರೆಯದೆ ಹಾಕುವ ಉಪಾಯ ಬೇಡ, ಅದು ಕಳ್ಳಸಾಗಣೆ ಕೇಸಾಗುತ್ತದೆ. ಹೊರದೇಶಕ್ಕೆ ಅಂತ ಹೇಳಿದರೆ ನಾವು ಎರಡೂ ಇಲ್ಲದ ಪ್ಯಾಕ್ ಮಾಡಿಕೊಡುತ್ತೇವೆ: ಕಸ್ತೂರಿ ಅರಿಶಿನ, ಲಾವಂಚ, ಗುಲಾಬಿ ದಳ, ಮುಲ್ತಾನಿ ಮಿಟ್ಟಿ.

ಎಣ್ಣೆ ಕಾಯಿಸಲು ಜಟಾಮಾಂಸಿ ಬೇರು ಕಳಿಸಿ ಅಂತಲೂ ಕೇಳುತ್ತಾರೆ. ಅದೂ ಸೈಟ್ಸ್ ಪಟ್ಟಿಯಲ್ಲಿದೆ. ಹಸಿ ಅಥವಾ ಒಣ ಬೇರನ್ನು ಪೋಸ್ಟಿನಲ್ಲಿ ಹಾಕಬೇಡಿ.

ಕರ್ಪೂರ ಹಾಕಿದ ಎಣ್ಣೆ, ಅತ್ತರು, ಸೆಂಟು?

ಕರ್ಪೂರದ ಬಿಲ್ಲೆ ಬೆಂಕಿ ಹಿಡಿಯುವ ವಸ್ತು, ವಿಮಾನದ ನಿಯಮದಲ್ಲಿ ಅಪಾಯಕಾರಿ ಸರಕು. ಸೆಂಟು, ನೇಲ್ ಪಾಲಿಶ್, ಸ್ಪ್ರೇ ಡಬ್ಬಿಗಳೂ ಹಾಗೆಯೇ. ತೆಂಗಿನೆಣ್ಣೆ, ಎಳ್ಳೆಣ್ಣೆ, ಹರಳೆಣ್ಣೆ ಅಷ್ಟು ಸುಲಭವಾಗಿ ಹೊತ್ತುವುದಿಲ್ಲ, ಹಾಗಾಗಿ ಹೋಗುತ್ತವೆ. ಕೊರಿಯರ್‌ನವರು ಎಣ್ಣೆ ಅಂದ ಕೂಡಲೇ ಎಂಎಸ್‌ಡಿಎಸ್ ಕೇಳುತ್ತಾರೆ. ಎಣ್ಣೆಯಲ್ಲಿ ಏನಿದೆ, ಎಷ್ಟು ಬಿಸಿಗೆ ಹೊತ್ತುತ್ತದೆ ಅಂತ ಹೇಳುವ ಕಾಗದ ಅದು. ತಯಾರಿಸಿದವರ ಹತ್ತಿರ ಇರಬೇಕು, ಕೇಳಿ ಪಡೆಯಿರಿ.

ಎಣ್ಣೆ ಸೋರದ ಹಾಗೆ ಕಟ್ಟುವುದು ಹೇಗೆ?

ಮೊದಲನೆಯದಾಗಿ, ಗಾಜು ಬೇಡ. ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಬಾಟಲಿ, ಬಾಯಿಗೆ ಇಂಡಕ್ಷನ್ ಸೀಲ್. ಮುಚ್ಚಳ ತೆಗೆದಾಗ ಬೆಳ್ಳಿ ಬಣ್ಣದ ಹಾಳೆ ಅಂಟಿಕೊಂಡಿರುತ್ತದಲ್ಲ, ಅದೇ. ಸೀಲ್ ಕೂತಿದೆಯಾ ಅಂತ ನೋಡಲು ಬಾಟಲಿ ತಲೆಕೆಳಗು ಮಾಡಿ ಕೈಯಿಂದ ಒತ್ತಿ. ಅಂಚಿನಲ್ಲಿ ಒಂದು ಹನಿ ಇಣುಕಿದರೂ ಮತ್ತೆ ಸೀಲ್ ಮಾಡಬೇಕು.

ಕಂಠದವರೆಗೆ ತುಂಬಬೇಡಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯಲ್ಲಿ ಕರಗುತ್ತದೆ. ಚೆನ್ನೈನ ಗೋದಾಮಿನಲ್ಲಿ ನೀರಾಗಿ, ವಿಮಾನದ ಹೊಟ್ಟೆಯಲ್ಲಿ ಗಟ್ಟಿಯಾಗಿ, ಅಲ್ಲಿ ಹೀಟರ್ ಇರುವ ಕೋಣೆಯಲ್ಲಿ ಮತ್ತೆ ನೀರಾಗುತ್ತದೆ. ಪ್ರತಿ ಸಲ ಕರಗುವಾಗಲೂ ಹಿಗ್ಗುತ್ತದೆ. ಮೇಲೆ ಹತ್ತರಲ್ಲಿ ಒಂದು ಪಾಲು ಜಾಗ ಬಿಟ್ಟರೆ ಸೀಲ್ ಮೇಲೆ ಒತ್ತಡ ಬೀಳುವುದಿಲ್ಲ. ಮುಚ್ಚಳಕ್ಕೆ ಸುತ್ತ ಟೇಪ್, ಪ್ರತಿ ಬಾಟಲಿಗೂ ಒಂದೊಂದು ಜಿಪ್ ಕವರ್, ಕವರಿನೊಳಗೆ ಒಂದು ಹಳೇ ಹತ್ತಿ ಬಟ್ಟೆಯ ತುಂಡು. ಸೋರಿದರೂ ಬಟ್ಟೆ ಹೀರಿಕೊಳ್ಳುತ್ತದೆ. ಎಣ್ಣೆ ಬಾಟಲಿಯನ್ನು ಪುಡಿಗಳ ಮೇಲೆ ಇಡಬೇಡಿ. ಬಾಕ್ಸಿನ ಒಂದು ಮೂಲೆಯಲ್ಲಿ ನಿಲ್ಲಿಸಿ, ಮಧ್ಯೆ ರಟ್ಟಿನ ಗೋಡೆ ಕೊಡಿ.

ಪುಡಿಗೆ ಒಳಗಡೆ ಫಾಯಿಲ್ ಇರುವ ಪೌಚ್ ಒಳ್ಳೆಯದು. ಹೀಟ್ ಸೀಲ್ ಮಾಡುವ ಮೊದಲು ಬಾಯಿಯ ಒಳಬದಿಯನ್ನು ಬಟ್ಟೆಯಿಂದ ಒರೆಸಿ. ಸೀಗೆ ಪುಡಿ ಅಲ್ಲಿ ಕೂತಿದ್ದರೆ ಸೀಲ್ ಹಿಡಿದ ಹಾಗೆ ಕಾಣುತ್ತದೆ, ದಾರಿಯಲ್ಲಿ ಬಿಡುತ್ತದೆ. ಬಾಕ್ಸ್ ಬಿಚ್ಚಿದವರೆಲ್ಲ ಸೀನುತ್ತಾರೆ.

ಚೀಟಿಯಲ್ಲಿ ಏನು ಬರೆಯಬೇಕು? ಏನು ಬರೆಯಬಾರದು?

ಈ ಪುಟದಲ್ಲಿ ಒಂದೇ ಪ್ರಶ್ನೆ ಓದುವುದಾದರೆ ಇದನ್ನು ಓದಿ.

ಅಮೆರಿಕದಲ್ಲಿ ಒಂದು ವಸ್ತು ಸೌಂದರ್ಯ ಸಾಧನವೋ ಔಷಧಿಯೋ ಅಂತ ನಿರ್ಧಾರ ಆಗುವುದು ಮುಖ್ಯವಾಗಿ ಅದು ಏನು ಮಾಡುತ್ತದೆ ಅಂತ ನೀವು ಹೇಳಿಕೊಳ್ಳುವುದರ ಮೇಲೆ. "ಕೂದಲಿಗೆ ಹೊಳಪು ಕೊಡುತ್ತದೆ, ನುಣುಪಾಗಿಸುತ್ತದೆ" ಅಂದರೆ ಸೌಂದರ್ಯ ಸಾಧನ. ಅದೇ ಬಾಟಲಿಯ ಮೇಲೆ "ಕೂದಲು ಉದುರುವುದು ನಿಲ್ಲುತ್ತದೆ, ಹೊಸ ಕೂದಲು ಹುಟ್ಟುತ್ತದೆ, ತಲೆಹೊಟ್ಟು ವಾಸಿಯಾಗುತ್ತದೆ" ಅಂತ ಬರೆದರೆ ಅದು ಒಪ್ಪಿಗೆ ಇಲ್ಲದ ಔಷಧಿ. ಒಳಗಿರುವುದು ಅದೇ ಗರಗದ ಸೊಪ್ಪಿನ ಎಣ್ಣೆ! ನಮ್ಮೂರಿನ ಅಂಗಡಿಗಳಲ್ಲಿ ಮೊಡವೆ, ಇಸುಬು, ನಿದ್ರೆ, ತಲೆನೋವು ಎಲ್ಲಕ್ಕೂ ಒಂದೇ ಬಾಟಲಿ ಅಂತ ಬರೆಸುವ ರೂಢಿ ಇದೆ. ಆ ಚೀಟಿ ಗಡಿಯಲ್ಲಿ ನಿಮಗೇ ತಿರುಗಿ ಬೀಳುತ್ತದೆ.

ಬರೆಯಬೇಕಾದದ್ದು ಇಷ್ಟು: ಏನು ವಸ್ತು, ಯಾವುದಕ್ಕೆ, ನಿವ್ವಳ ತೂಕ, ಹಾಕಿದ ಎಲ್ಲ ಪದಾರ್ಥಗಳ ಹೆಸರು, ತಯಾರಿಸಿದವರ ವಿಳಾಸ, ಬ್ಯಾಚ್, ತಯಾರಿಸಿದ ತಿಂಗಳು. "ಸೀಗೆಕಾಯಿ" ಅಂತ ಬರೆದರೆ ಅಲ್ಲಿ ಯಾರಿಗೂ ತಿಳಿಯದು, ಗಿಡದ ವೈಜ್ಞಾನಿಕ ಹೆಸರು ಹಾಕಿ. ಸೀಗೆಗೆ ಅಕೇಶಿಯಾ ಕಾನ್ಸಿನ್ನಾ, ಮೆಹಂದಿಗೆ ಲಾಸೋನಿಯಾ ಇನರ್ಮಿಸ್, ಗರಗಕ್ಕೆ ಎಕ್ಲಿಪ್ಟಾ ಆಲ್ಬಾ. ಅಂಚೆಯ ಸಿಎನ್ 23 ಅನ್ನುವ ಕಸ್ಟಮ್ಸ್ ಫಾರಂನಲ್ಲೂ ಇದೇ ಪದಗಳು ಇರಲಿ. "ಹರ್ಬಲ್ ಪೌಡರ್", "ಆಯುರ್ವೇದಿಕ್ ಮೆಡಿಸಿನ್" ಅಂತ ಮಾತ್ರ ಬರೆಯಬೇಡಿ. ಮೊದಲನೆಯದು ಏನೂ ಹೇಳುವುದಿಲ್ಲ, ಎರಡನೆಯದು ಬೇಕಿಲ್ಲದ್ದನ್ನೆಲ್ಲ ಹೇಳುತ್ತದೆ.

2025ರ ಜುಲೈ 9ರಿಂದ ಎಷ್ಟೇ ಸಣ್ಣ ಬೆಲೆಯ ಪಾರ್ಸೆಲ್ ಆದರೂ ಎಫ್‌ಡಿಎ ವ್ಯಾಪ್ತಿಯ ವಸ್ತುಗಳ ವಿವರ ಅವರ ಮುಂದೆ ಹೋಗಬೇಕು. ಹಾಗಾಗಿ ಸಣ್ಣ ಬಾಕ್ಸ್, ಯಾರು ನೋಡ್ತಾರೆ ಅನ್ನುವ ಕಾಲ ಹೋಯಿತು.

ಒಟ್ಟು ಖರ್ಚು ಎಷ್ಟಾಗುತ್ತದೆ? ಒಂದು ಲೆಕ್ಕ ಕೊಡಿ.

ಖಾಸಗಿ ಕೊರಿಯರ್‌ನವರು ಎರಡು ತೂಕ ನೋಡುತ್ತಾರೆ. ಒಂದು ತಕ್ಕಡಿಯ ತೂಕ. ಇನ್ನೊಂದು ಬಾಕ್ಸಿನ ಗಾತ್ರದ ತೂಕ: ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು. ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು.

ನ್ಯೂಜೆರ್ಸಿಯ ಒಂದು ಮನೆಗೆ ಹೋಗುವ ಪಾರ್ಸೆಲ್ ಅಂತ ಇಟ್ಟುಕೊಳ್ಳಿ. ಸೀಗೆ ಪುಡಿ 1 ಕಿಲೋ, ಅಂಟುವಾಳ ಅರ್ಧ ಕಿಲೋ, ಮೆಹಂದಿ ಅರ್ಧ ಕಿಲೋ, ಸ್ನಾನದ ಪುಡಿ ಅರ್ಧ ಕಿಲೋ, ಎಣ್ಣೆಯ ಎರಡು ಅರ್ಧ ಲೀಟರ್ ಬಾಟಲಿ ಸೇರಿ ಸುಮಾರು 1 ಕಿಲೋ, ಎರಡು ಸೋಪು 200 ಗ್ರಾಂ. ಸಾಮಾನು 3.7 ಕಿಲೋ. ರಟ್ಟು, ಟೇಪು, ಬಟ್ಟೆ ಸೇರಿ ಅರ್ಧ ಕಿಲೋ. ತಕ್ಕಡಿ 4.2 ತೋರಿಸುತ್ತದೆ.

ಇದನ್ನು ಕೈಗೆ ಸಿಕ್ಕಿದ 40×30×25ರ ಬಾಕ್ಸಿಗೆ ಹಾಕಿದರೆ ಗಾತ್ರದ ತೂಕ 6 ಕಿಲೋ. ಅದೇ ಸಾಮಾನು 32×25×20ರ ಬಾಕ್ಸಿನಲ್ಲಿ ಹಿಡಿಯುತ್ತದೆ, ಆಗ ಗಾತ್ರದ ತೂಕ 3.2 ಮಾತ್ರ. ತಕ್ಕಡಿಯ 4.2 ಹೆಚ್ಚಾದ್ದರಿಂದ ಅದನ್ನು 4.5ಕ್ಕೆ ಏರಿಸಿ ಬಿಲ್ ಮಾಡುತ್ತಾರೆ. ಲೆಕ್ಕಕ್ಕೆ ಕಿಲೋಗೆ 900 ರೂಪಾಯಿ ಹಿಡಿಯೋಣ. ದೊಡ್ಡ ಬಾಕ್ಸಿಗೆ 5,400, ಸಣ್ಣದಕ್ಕೆ 4,050. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ 6,372 ಮತ್ತು 4,779. ಬರೀ ಗಾಳಿಗೆ ಹತ್ತಿರ ಹತ್ತಿರ 1,600 ರೂಪಾಯಿ ಕೊಟ್ಟ ಹಾಗಾಯಿತು. ಬುಕ್ ಮಾಡುವಾಗ ಇಂಧನದ ಸರ್‌ಚಾರ್ಜ್ ದರದಲ್ಲಿ ಸೇರಿದೆಯಾ, ಹೊರಗಾ ಅಂತ ಕೇಳಿ. ಸುಂಕ ಅನ್ವಯಿಸಿದರೆ ಅದು ಬೇರೆ.

ಅಂಚೆಯ ಇಎಂಎಸ್ ಸ್ಪೀಡ್ ಪೋಸ್ಟ್ ದರವನ್ನೂ ಪಕ್ಕದಲ್ಲಿಟ್ಟು ನೋಡಿ. ಒಂದೆರಡು ಕಿಲೋ ಒಳಗಿನ ಪಾರ್ಸೆಲ್‌ಗೆ ಸಾಮಾನ್ಯವಾಗಿ ನಮ್ಮ ಒಲವು ಅಂಚೆಯ ಕಡೆ, ಎಣ್ಣೆ ಜಾಸ್ತಿ ಇದ್ದರೆ ಕೊರಿಯರ್ ಕಡೆ.

ಪಾರ್ಸೆಲ್ ನಿಂತುಹೋಗಿದೆ. ಎಲ್ಲಿ ಏನಾಗಿದೆ ಅಂತ ತಿಳಿಯುವುದು ಹೇಗೆ?

ಟ್ರ್ಯಾಕಿಂಗ್‌ನಲ್ಲಿ ಕೊನೆಯ ಊರು ಯಾವುದು ನೋಡಿ. ಬೆಂಗಳೂರೋ ಮುಂಬೈಯೋ ಇದ್ದರೆ ತಕರಾರು ನಮ್ಮ ದೇಶದ ಕಸ್ಟಮ್ಸ್‌ನದು: ಗಂಧ, ಎಣ್ಣೆಯ ಎಂಎಸ್‌ಡಿಎಸ್ ಕಾಗದ, ಇಲ್ಲವೇ ಗುರುತಿನ ಚೀಟಿ. ಕಳಿಸಿದವರೇ ವಿಚಾರಿಸಬೇಕು. ನ್ಯೂಯಾರ್ಕೋ ಚಿಕಾಗೋವೋ ಆಗಿದ್ದರೆ ಅಲ್ಲಿನವರು ಪಡೆಯುವವರನ್ನು ಸಂಪರ್ಕಿಸುತ್ತಾರೆ. ಎಫ್‌ಡಿಎ ತಡೆದಿದ್ದರೆ ಅವರಿಗೆ ನೋಟಿಸ್ ಬರುತ್ತದೆ. ಅದರಲ್ಲಿ ಕಾರಣವೂ ಉತ್ತರಿಸಲು ಕೊನೆಯ ದಿನವೂ ಇರುತ್ತದೆ. ಸುಮ್ನೆ ಕಾದರೆ ಸಾಮಾನು ನಾಶ ಮಾಡುತ್ತಾರೆ. ಫಾರಂನಲ್ಲಿ ಮಗಳ ಫೋನ್ ನಂಬರ್ ತಪ್ಪಿಲ್ಲದೆ ಬರೆಯುವುದು ಇದಕ್ಕೇ.

ನಾನೂ ಮನೆಯಲ್ಲಿ ಎಣ್ಣೆ ಮಾಡಿ ಹೊರದೇಶಕ್ಕೆ ಮಾರಬೇಕು ಅಂತಿದ್ದೇನೆ. ಏನೇನು ಬೇಕು?

ಇಲ್ಲಿ ಮಾರಲು ಮೊದಲು ಲೈಸೆನ್ಸ್. ಸೌಂದರ್ಯ ಸಾಧನ ಅಂತ ಮಾಡಿದರೆ 2020ರ ಕಾಸ್ಮೆಟಿಕ್ಸ್ ನಿಯಮದಡಿ ಸಿಒಎಸ್-8, ಆಯುರ್ವೇದ ಉತ್ಪನ್ನ ಅಂತ ಮಾಡಿದರೆ 25-ಡಿ. ಅಮೆರಿಕಕ್ಕೆ ಮಾರುವ ಯೋಚನೆ ಇದ್ದರೆ ಮೊದಲನೆಯದು ವಾಸಿ, ಯಾಕೆಂದರೆ ಎರಡನೆಯದರ ಚೀಟಿಯೇ ಔಷಧಿಯ ಹಾಗೆ ಕಾಣುತ್ತದೆ. ಆಮೇಲೆ ಕೇಂದ್ರ ಸರ್ಕಾರದ ವಿದೇಶಿ ವ್ಯಾಪಾರ ಕಚೇರಿ ಡಿಜಿಎಫ್‌ಟಿ ಕೊಡುವ ಐಇಸಿ ಅನ್ನುವ ಆಮದು–ರಫ್ತು ನಂಬರ್, 500 ರೂಪಾಯಿ ಶುಲ್ಕ. ಕೊರಿಯರ್‌ನಲ್ಲಾದರೆ ವ್ಯಾಪಾರದ ಸಾಮಾನಿಗೆ ಮಾಡುವ ಸಿಎಸ್‌ಬಿ-5 ಅನ್ನುವ ಕಸ್ಟಮ್ಸ್ ಬಿಲ್ ಕೇಳಿ. ಸಿಎಸ್‌ಬಿ-4 ಇರುವುದು ಉಡುಗೊರೆ, ಸ್ಯಾಂಪಲ್‌ಗೆ. ಅಂಚೆಯಲ್ಲಾದರೆ ಅಂಚೆ ಇಲಾಖೆಯ ರಫ್ತು ಕೇಂದ್ರಗಳಾದ ಡಾಕ್ ಘರ್ ನಿರ್ಯಾತ್ ಕೇಂದ್ರಗಳಲ್ಲಿ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ಅನ್ನುವ ರಫ್ತಿನ ಬಿಲ್ ಮಾಡಿಸಬಹುದು.

ಅಮೆರಿಕದಲ್ಲಿ ಸೌಂದರ್ಯ ಸಾಧನಗಳ ಮೇಲಿನ 2022ರ ಮೋಕ್ರಾ ಕಾಯ್ದೆ ಪ್ರಕಾರ ತಯಾರಕರು ಎಫ್‌ಡಿಎಯಲ್ಲಿ ನೋಂದಾಯಿಸಬೇಕು. ಅಲ್ಲಿನ ಮಾರಾಟ ವರ್ಷಕ್ಕೆ ಸರಾಸರಿ 10 ಲಕ್ಷ ಡಾಲರ್‌ಗಿಂತ ಕಡಿಮೆ ಇರುವ ಸಣ್ಣವರಿಗೆ ವಿನಾಯಿತಿ ಇದೆ. ಆದರೆ ಕಣ್ಣಿಗೆ ತಾಗುವ ವಸ್ತು, 24 ಗಂಟೆಗಿಂತ ಹೆಚ್ಚು ನಿಲ್ಲುವ ಬಣ್ಣ ಮಾಡುವವರಿಗೆ ಆ ವಿನಾಯಿತಿ ಸಿಗುವುದಿಲ್ಲ. ಅಂದರೆ ಸೀಗೆ ಪುಡಿಯವರು ಪಾರು, ಕೂದಲಿನ ಮೆಹಂದಿಯವರು ಅಲ್ಲ. ಬ್ರಿಟನ್ ಮತ್ತು ಯುರೋಪಿನಲ್ಲಿ ಸಣ್ಣವರಿಗೂ ರಿಯಾಯಿತಿ ಇಲ್ಲ. ಅಲ್ಲಿ ವಿಳಾಸ ಇರುವ ಜವಾಬ್ದಾರ ವ್ಯಕ್ತಿ ಬೇಕು, ಪ್ರತಿ ಉತ್ಪನ್ನಕ್ಕೂ ಸುರಕ್ಷತಾ ವರದಿ ಬೇಕು. ಆ ಖರ್ಚು ನೋಡಿ ನಾವು ಯುರೋಪಿಗೆ ಮಾರುವ ಯೋಚನೆಯನ್ನೇ ಬಿಟ್ಟೆವು.

ಯಾರಾದರೂ ಹೊರಟಿದ್ದರೆ ಅವರ ಕೈಯಲ್ಲಿ ಕಳಿಸುವುದು ಒಳ್ಳೆಯದಲ್ವಾ?

ಅಗ್ಗ ಹೌದು. ಎಲ್ಲವನ್ನೂ ಚೆಕ್-ಇನ್ ಲಗೇಜಿಗೆ ಹಾಕಿಸಿ. ಅಮೆರಿಕದ ವಿಮಾನದಲ್ಲಿ ಕೈಚೀಲದೊಳಗೆ 350 ಮಿಲಿ ಲೀಟರಿಗಿಂತ ಹೆಚ್ಚು ಪುಡಿ ಇದ್ದರೆ ಬೇರೆ ತಪಾಸಣೆ ಆಗುತ್ತದೆ, ಎಣ್ಣೆಗೆ 100 ಮಿಲಿಯ ಮಿತಿ. ಗಂಧ, ಕಾಡಿಗೆ, ಕರ್ಪೂರದ ಮಾತು ಇಲ್ಲಿಗೂ ಅನ್ವಯ. ಕೊಂಡೊಯ್ಯುವವರಿಗೆ ಒಳಗೆ ಏನಿದೆ ಅಂತ ಬಾಯಿಬಿಟ್ಟು ಹೇಳಿ, ಕೌಂಟರಿನಲ್ಲಿ ಉತ್ತರ ಕೊಡಬೇಕಾದವರು ಅವರು.

ಪಾರ್ಸೆಲ್‌ನಲ್ಲಿ ಏನನ್ನು ಬಿಟ್ಟರೆ ದುಡ್ಡು ಉಳಿಯುತ್ತದೆ?

ಕಡಲೆ ಹಿಟ್ಟು, ಅರಿಶಿನ, ಬರೀ ತೆಂಗಿನೆಣ್ಣೆ, ಹರಳೆಣ್ಣೆ ಇವೆಲ್ಲ ಅಲ್ಲಿನ ಇಂಡಿಯನ್ ಸ್ಟೋರಿನಲ್ಲಿ ಸಿಗುತ್ತವೆ. ಇದನ್ನು ಕಿಲೋಗೆ 900 ಕೊಟ್ಟು ಯಾಕೆ ಕಳಿಸಬೇಕು? ಸ್ನಾನದ ಪುಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಹಿಟ್ಟೇ. ಹಿಟ್ಟು ಬಿಟ್ಟು ಬರೀ ಲಾವಂಚ, ಕಸ್ತೂರಿ ಅರಿಶಿನ, ಗುಲಾಬಿ, ಬೇವಿನ ಪುಡಿ ಬೆರೆಸಿದ 150 ಗ್ರಾಂ ಪೊಟ್ಟಣ ಕೇಳಿ, ಮಾಡಿಕೊಡುತ್ತೇವೆ. ಅಲ್ಲಿ ಹೆಸರು ಹಿಟ್ಟಿಗೆ ಬೆರೆಸಿಕೊಳ್ಳಲಿ. ತೂಕವೂ ಉಳಿಯಿತು, ಹುಳದ ಭಯವೂ ಇಲ್ಲ.